ಕಾಲರ್ ಮೈಕ್ ಅಂತ ಹೆಸರು, ಆದ್ರೆ ಕಾಲರ್‌ಗೆ ಹಾಕಬೇಡಿ: 'ಕೊಟ್ಟಿಲ್ಲ' ಅನ್ನೋ ಮಾತು ಕೇಳದೇ ಹೋದ ಕಥೆ

ಮಳೆಗೆ ಗೋಡೆ ಬಿದ್ದ ಮನೆಯ ಪರಿಹಾರದ ಬಗ್ಗೆ ನಮ್ಮ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಅಮ್ಮನನ್ನ ಮಾತಾಡಿಸಿದ್ದೆ. ವಯಸ್ಸು ಅರವತ್ತು ದಾಟಿದೆ. ಜಗಲಿ ಮೇಲೆ ಕೂತು ಹತ್ತು ನಿಮಿಷ ಮಾತಾಡಿದ್ರು. ನಾನು ಮೊಬೈಲ್‌ಗೆ ಕಾಲರ್ ಮೈಕ್ ಹಾಕಿ ರೆಕಾರ್ಡ್ ಮಾಡಿದೆ. ಹೆಡ್‌ಫೋನ್ ಹಾಕ್ಕೊಂಡಿರಲಿಲ್ಲ. ಮೈಕ್ ಸೆರಗಿಗೆ ಸಿಕ್ಕಿಸಿದೀನಲ್ಲ, ಬಂದಿರುತ್ತೆ ಅಂದುಕೊಂಡು ವಿಡಿಯೋ ಕಳಿಸಿಬಿಟ್ಟೆ.

ಆಯಮ್ಮ ಹೇಳಿದ್ದು, "ಮೊದಲ್ನೇ ಕಂತು ಕೊಟ್ಟವ್ರೆ, ಎರಡ್ನೇದು ಕೊಟ್ಟಿಲ್ಲ ಕಣಪ್ಪ." ವಿಡಿಯೋದಲ್ಲಿ ಕೇಳಿಸಿದ್ದು, "ಮೊದಲ್ನೇ ಕಂತು ಕೊಟ್ಟವ್ರೆ, ಎರಡ್ನೇದು ಕೊಟ್ಟ...", ಆಮೇಲೆ ಬರೀ ಕರ್ರ್ ಅನ್ನೋ ಸದ್ದು. ಎಡಿಟ್ ಮಾಡೋರು ಊರಿಗೆ ಬಂದವರಲ್ಲ, ಅಮ್ಮನ ಮುಖ ನೋಡಿದವರಲ್ಲ. ಕೇಳಿಸಿದಷ್ಟಕ್ಕೆ ಕೆಳಗೆ 'ಎರಡನೇ ಕಂತನ್ನೂ ಕೊಟ್ಟಿದ್ದಾರೆ' ಅಂತ ಅಕ್ಷರ ಹಾಕಿದ್ರು. ಸಂಜೆಗೆ ಊರಿಂದ ಫೋನ್ ಶುರುವಾಯ್ತು. "ಆಯಮ್ಮ ದುಡ್ಡು ಬಂದಿದೆ ಅಂತ ಹೇಳವ್ರೆ, ಇನ್ನೇನು ಬೇಕಂತೆ?" ಅಂತ ಕೇಳೋರು ಅಲ್ಲೇ ಹುಟ್ಟಿಕೊಂಡಿದ್ರು. ವಿಡಿಯೋ ತೆಗೆದು, ತಿದ್ದುಪಡಿ ಹಾಕಿ, ಮಾರನೇ ದಿನ ಮತ್ತೆ ಅವರ ಜಗಲಿಗೆ ಹೋಗಿ ಕೂತೆ.

ತಪ್ಪು ಮೈಕ್‌ದಲ್ಲ, ಅದನ್ನ ಸಿಕ್ಕಿಸಿದ ಜಾಗದ್ದು. ಇವತ್ತು ಅಂಗಡಿ ವಿಡಿಯೋ ಮಾಡೋರು, ದೇವಸ್ಥಾನದ ಕಮಿಟಿಯೋರು, ನಮ್ಮಂಥೋರು ಎಲ್ಲರ ಹತ್ರಾನೂ ಈ ಮೈಕ್ ಇದೆ. ಆ ಎರಡು ದಿನದಲ್ಲಿ ನಾನು ಮಾಡಿದ ತಪ್ಪು ಏನು, ಎರಡನೇ ಸಲ ಸರಿ ಮಾಡಿದ್ದು ಹೇಗೆ ಅನ್ನೋದನ್ನ ಇಲ್ಲಿ ಬಿಡಿಸಿ ಹೇಳ್ತೀನಿ.

ವಾಕ್ಯದ ಕೊನೆಯೇ ಯಾಕೆ ಹೋಯ್ತು?

ಹತ್ತು ನಿಮಿಷದ ಮಾತಲ್ಲಿ ಸರಿಯಾಗಿ 'ಇಲ್ಲ' ಅನ್ನೋ ಕಡೆಯೇ ಸದ್ದು ಬಂದಿದ್ದು ಬರೀ ದುರದೃಷ್ಟ ಅಲ್ಲ. ಕನ್ನಡದಲ್ಲಿ ಬೇಕು, ಬೇಡ, ಬಂತು, ಬಂದಿಲ್ಲ ಎಲ್ಲ ವಾಕ್ಯದ ಕೊನೆಗೇ ಬರೋದು. ಕೊನೆಗೆ ಬರೋ ಹೊತ್ತಿಗೆ ಉಸಿರು ಕಮ್ಮಿಯಾಗಿ ದನಿ ಇಳಿದಿರುತ್ತೆ. ಬೇಜಾರಿನ ಮಾತಾದ್ರೆ ತಲೆನೂ ಕೆಳಗೆ ಹೋಗುತ್ತೆ, ಕೈ ಸೆರಗಿಗೋ ಟವೆಲ್‌ಗೋ ಹೋಗುತ್ತೆ. ಅಂದ್ರೆ ದನಿ ತೀರಾ ಮೆತ್ತಗಾದ ಹೊತ್ತಿಗೇ ಬಟ್ಟೆ ಅಲ್ಲಾಡುತ್ತೆ. ಮಾತಿನ ಪೂರ್ತಿ ಅರ್ಥ ಆ ಕೊನೆಯ ಎರಡು ಅಕ್ಷರದಲ್ಲಿರುತ್ತೆ.

ಆಮೇಲೆ ಫೋನ್‌ನಲ್ಲಿ ಆ್ಯಪ್ ಹಾಕಿ ಸರಿ ಮಾಡೋಣ ಅಂದ್ರೂ ಆಗಲ್ಲ. ಫ್ಯಾನಿನ ಸದ್ದು ಒಂದೇ ಸಮನೆ ಇರುತ್ತೆ, ಅದನ್ನ ಆ್ಯಪ್ ಗುರುತು ಹಿಡಿದು ಸ್ವಲ್ಪ ಕಮ್ಮಿ ಮಾಡುತ್ತೆ. ಬಟ್ಟೆ ಸದ್ದು ಹಾಗಲ್ಲ. ಒಂದೊಂದು ಸಲ ಒಂದೊಂದು ಥರ ಬರುತ್ತೆ, ಮಾತಿನ ಸದ್ದು ಇರೋ ಜಾಗದಲ್ಲೇ ಮೇಲೆ ಬಂದು ಕೂರುತ್ತೆ. ಅದನ್ನ ತೆಗೆಯೋಕೆ ಹೋದ್ರೆ ಅಕ್ಷರಾನೂ ಜೊತೆಗೇ ಹೋಗುತ್ತೆ. ಹಾಗಾಗಿ ರೆಕಾರ್ಡ್ ಮಾಡೋಕೆ ಮುಂಚೆಯೇ ಸರಿ ಮಾಡ್ಕೋಬೇಕು.

ಗದ್ದದಿಂದ ಒಂದು ಚಿಕ್ಕ ಗೇಣು ಕೆಳಗೆ

ಕಾಲರ್ ಮೈಕ್ ಅನ್ನೋ ಹೆಸರು ಕೇಳಿ ಎಲ್ಲರೂ ಮಾಡೋ ಮೊದಲ ತಪ್ಪು ಅಂದ್ರೆ ಅದನ್ನ ಕಾಲರ್‌ಗೇ, ಕತ್ತಿನ ಹತ್ರ ಸಿಕ್ಕಿಸೋದು. ಬಾಯಿಗೆ ಹತ್ರ ಇದ್ರೆ ಒಳ್ಳೇದು ಅನ್ನೋ ಲೆಕ್ಕ. ಆದ್ರೆ ಕತ್ತಿನ ಬುಡದಲ್ಲಿ ಮೈಕ್ ಗದ್ದದ ಮರೆಗೆ ಬೀಳುತ್ತೆ. ಸ, ಶ, ಚ, ತ ಥರದ ಅಕ್ಷರಗಳ ಚೂಪು ಸದ್ದು ಬಾಯಿಂದ ನೇರ ಮುಂದಕ್ಕೆ ಹೋಗುತ್ತೆ, ಗದ್ದದ ಕೆಳಕ್ಕೆ ಅಷ್ಟಾಗಿ ಬಗ್ಗಿ ಬರಲ್ಲ. ದಪ್ಪ ಸದ್ದು ಮಾತ್ರ ಎಲ್ಲ ಕಡೆ ಹರಡುತ್ತೆ, ಎದೆ ಗಂಟಲಿನಿಂದಲೂ ಬರುತ್ತೆ. ಅದಕ್ಕೇ ಕತ್ತಿನ ಹತ್ರ ಇಟ್ಟ ಮೈಕ್‌ನಲ್ಲಿ ಮಾತು ಕಂಬಳಿ ಹೊದ್ದುಕೊಂಡು ಆಡಿದ ಹಾಗೆ ಮುಚ್ಚಿಕೊಂಡು ಕೇಳಿಸುತ್ತೆ.

ಇನ್ನೊಂದು ತೊಂದರೆನೂ ಇದೆ. ಬಾಯಿಂದ ಮೈಕ್‌ಗೆ ಇರೋ ದೂರ ಎರಡರಷ್ಟಾದ್ರೆ ಮೈಕ್‌ಗೆ ಸಿಗೋ ಸದ್ದು 6 ಡೆಸಿಬಲ್ ಇಳಿಯುತ್ತೆ. ಮೈಕ್ 3 ಇಂಚು ದೂರದಲ್ಲಿದ್ದಾಗ ಆಸಾಮಿ ತಲೆ 3 ಇಂಚು ಎತ್ತಿದ್ರೆ ದೂರ ಎರಡರಷ್ಟಾಯ್ತು, ದನಿ ದಢಕ್ಕನೆ ಇಳಿಯುತ್ತೆ. ಅದೇ ಮೈಕ್ 8 ಇಂಚು ದೂರದಲ್ಲಿದ್ದು ತಲೆ 3 ಇಂಚು ಎತ್ತಿದ್ರೆ 11 ಇಂಚಾಯ್ತು, ಅಂಥ ವ್ಯತ್ಯಾಸ ಗೊತ್ತಾಗಲ್ಲ. ತೀರಾ ಹತ್ರ ಇದ್ದಷ್ಟೂ ದನಿ ಏರಿಳಿತ ಜಾಸ್ತಿ.

ಹಾಗಂತ ಹೊಟ್ಟೆ ಹತ್ರ ಹಾಕಿದ್ರೆ ದನಿ ದೂರ ಆಗಿ, ಕೋಣೆಯ ಗುಂಯ್ ಅನ್ನೋ ಸದ್ದು, ರಸ್ತೆ ಮೇಲಿನ ಬೈಕ್ ಸದ್ದು ಮುಂದೆ ಬರುತ್ತೆ. ಎರಡರ ಮಧ್ಯದ ಜಾಗ ಅಂದ್ರೆ ಎದೆಯ ನಡುಮೂಳೆ ಮೇಲೆ, ಗದ್ದದಿಂದ 6ರಿಂದ 8 ಇಂಚು ಕೆಳಗೆ. ಟೇಪ್ ಹಿಡಿದು ಅಳೆಯೋದು ಬೇಡ. ಅವರೇ ಹೆಬ್ಬೆರಳನ್ನ ಗದ್ದಕ್ಕೆ ಇಟ್ಟು ಕೈ ಬಿಡಿಸಿದ್ರೆ ಕಿರುಬೆರಳು ಎಲ್ಲಿ ಮುಟ್ಟುತ್ತೋ ಅಲ್ಲೇ ಹತ್ತಿರ. ಶರ್ಟ್ ಆದ್ರೆ ಸಾಮಾನ್ಯವಾಗಿ ಮೇಲಿಂದ ಎರಡನೇ, ಮೂರನೇ ಗುಂಡಿ ಮಧ್ಯೆ ಬರುತ್ತೆ.

ಎಡಕ್ಕಾ, ಬಲಕ್ಕಾ?

ಮೊದಲ ದಿನ ನಾನು ಮೈಕನ್ನ ಅಮ್ಮನ ಎಡ ಭುಜದ ಹತ್ರ ಸೆರಗಿಗೆ ಸಿಕ್ಕಿಸಿದ್ದೆ. ಬಟ್ಟೆ ಅಲ್ಲಿ ದಪ್ಪ ಇತ್ತು, ಸುಲಭವಾಗಿ ಹಿಡೀತು. ಆದ್ರೆ ನಾನು ಕೂತಿದ್ದು ಅವರ ಬಲಕ್ಕೆ. ಉತ್ತರ ಹೇಳುವಾಗೆಲ್ಲ ನನ್ನ ಕಡೆ ತಿರುಗ್ತಿದ್ರು, ಬಾಯಿ ಮೈಕ್‌ಗೆ ಬೆನ್ನು ಮಾಡಿದ ಹಾಗಾಗ್ತಿತ್ತು. ಮಧ್ಯೆ ಮಧ್ಯೆ ಬಿದ್ದ ಗೋಡೆ ಕಡೆ, ಅಂದ್ರೆ ಎಡಕ್ಕೆ ನೋಡಿದಾಗ ಮಾತ್ರ ದನಿ ಸ್ಪಷ್ಟ. ವಿಡಿಯೋದಲ್ಲಿ ಕೇಳಿದ್ರೆ ಒಂದೇ ವಾಕ್ಯ ಇಬ್ಬರು ಆಡಿದ ಹಾಗಿತ್ತು. ಅರ್ಧ ಮುಚ್ಚಿಕೊಂಡು, ಅರ್ಧ ಬಿಚ್ಚಿಕೊಂಡು.

ಈ ಮೈಕ್‌ಗಳಲ್ಲಿ ಹೆಚ್ಚಿನವು ಸುತ್ತಲಿನ ಎಲ್ಲ ದಿಕ್ಕಿನ ಸದ್ದನ್ನೂ ತಗೊಳ್ಳೋ ಥರದವು. ಅದಕ್ಕೇ ಮೈಕ್ ಸ್ವಲ್ಪ ಓರೆಯಾದ್ರೆ ಚಿಂತೆ ಇಲ್ಲ. ದಿಕ್ಕು ಬದಲಾಗೋದು ಮೈಕ್‌ದಲ್ಲ, ಬಾಯಿದು. ಹಾಗಾಗಿ ಎದೆಯ ನಟ್ಟನಡುವೆ ಇಟ್ರೆ ಎಡಕ್ಕೆ ತಿರುಗಿದ್ರೂ ಬಲಕ್ಕೆ ತಿರುಗಿದ್ರೂ ವ್ಯತ್ಯಾಸ ಒಂದೇ ಥರ, ಕಡಿಮೆ. ನಡುವೆ ಇಡೋಕೆ ಆಗಲೇ ಇಲ್ಲ ಅಂದ್ರೆ ಪ್ರಶ್ನೆ ಕೇಳೋರು ಯಾವ ಕಡೆ ಕೂತಿರ್ತಾರೋ ಆ ಕಡೆಗೆ ಸಿಕ್ಕಿಸಿ. ಅಂಗಡಿ ಮಾಲೀಕರು ಗಲ್ಲಾಪೆಟ್ಟಿಗೆ ಹಿಂದೆ ನಿಂತು ಮಾತಾಡ್ತಾ ಪಕ್ಕದ ರ್‍ಯಾಕ್ ತೋರಿಸ್ತಾರೆ ಅಂದ್ರೆ, ಮೈಕ್ ನಡುವಿಂದ ಒಂದಿಷ್ಟು ಆ ರ್‍ಯಾಕ್ ಕಡೆಗಿರಲಿ.

ಸದ್ದು ಎಲ್ಲಿಂದ ಬರ್ತಿದೆ ಅಂತ ಕಿವಿಯಿಂದಲೇ ಹಿಡೀಬಹುದು

ಬಟ್ಟೆ ಸದ್ದು ಅಂತ ಒಂದೇ ಹೆಸರು ಕರೆದ್ರೂ ಅದರಲ್ಲಿ ಮೂರು ಬಗೆ ಇದೆ. ಯಾವುದು ಅಂತ ಗೊತ್ತಾದ್ರೆ ಮಾತ್ರ ಔಷಧಿ ಗೊತ್ತಾಗುತ್ತೆ.

ಬಟ್ಟೆ ನೇರ ಮೈಕ್‌ಗೇ ಉಜ್ಜಿದ್ರೆ ಜೋರಾಗಿ ಕರ್ರ್, ದಬ್ ಅಂತ ಬರುತ್ತೆ, ಮಾತನ್ನ ಪೂರ್ತಿ ಮುಚ್ಚುತ್ತೆ. ನನಗಾಗಿದ್ದು ಇದೇ. ಇದಕ್ಕೆ ಇರೋದು ಒಂದೇ ದಾರಿ. ಮೈಕ್ ಮತ್ತು ಅದರ ಸುತ್ತಲಿನ ಬಟ್ಟೆ ಅಲ್ಲಾಡಿದ್ರೆ ಒಟ್ಟಿಗೇ ಅಲ್ಲಾಡಬೇಕು, ಒಂದರ ಮೇಲೆ ಒಂದು ಜಾರಬಾರದು.

ಬಟ್ಟೆಗೆ ಬಟ್ಟೆ ಉಜ್ಜಿದ್ರೆ ಸದ್ದು ಸಣ್ಣದು, ಸರಸರ ಅಂತ ಎಲೆ ಮೇಲೆ ಕಾಲಿಟ್ಟ ಹಾಗೆ. ರೇಷ್ಮೆ, ಪಾಲಿಯೆಸ್ಟರ್, ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾದಿ ಇದರಲ್ಲಿ ಮುಂದು. ಹತ್ತಾರು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ ತೀರಾ ಕಮ್ಮಿ. ಇದಕ್ಕೆ ಬಟ್ಟೆ ಪದರಗಳನ್ನ ಒಂದಕ್ಕೊಂದು ಹಿಡಿಸಬೇಕು. ಮೆಡಿಕಲ್ ಸ್ಟೋರ್‌ನಲ್ಲಿ ಸಿಗೋ ಮೈಕ್ರೋಪೋರ್ ಟೇಪನ್ನ ಅಂಟು ಹೊರಗೆ ಬರೋ ಹಾಗೆ ತ್ರಿಕೋನವಾಗಿ ಮಡಚಿ, ಎರಡು ಪದರದ ಮಧ್ಯೆ ಮೈಕ್ ಪಕ್ಕದಲ್ಲಿ ಇಟ್ಟು ಒತ್ತಿದ್ರೆ ಸಾಕು. ಸೇಫ್ಟಿ ಪಿನ್ ಕೂಡ ಇದೇ ಕೆಲಸ ಮಾಡುತ್ತೆ.

ಮೂರನೇದು ವೈರ್ ಸದ್ದು. ವೈರ್ ಇರೋ ಮೈಕ್ ಆದ್ರೆ ವೈರ್ ಶರ್ಟಿಗೆ ತಾಗಿದ್ರೂ, ಯಾರೋ ಎಳೆದ್ರೂ ಟಕ್ ಟಕ್ ಅಂತ ಮೈಕ್‌ವರೆಗೂ ಬರುತ್ತೆ. ಮೈಕ್ ಕೆಳಗೆ ವೈರನ್ನ ಒಂದು ಸಣ್ಣ ಸುತ್ತು ಮಾಡಿ ಆ ಸುತ್ತನ್ನ ಕ್ಲಿಪ್‌ಗೇ ಸಿಕ್ಕಿಸಿ, ಉಳಿದದ್ದನ್ನ ಶರ್ಟ್ ಒಳಗೆ ಬಿಡಿ. ಎಳೆತ ಬಂದ್ರೆ ಸುತ್ತು ತಡೆಯುತ್ತೆ, ಮೈಕ್‌ಗೆ ಗೊತ್ತಾಗಲ್ಲ.

ಎರಡನೇ ದಿನ, ಅದೇ ಜಗಲಿ

ಮಾರನೇ ದಿನ ಹೋದಾಗ ಅಮ್ಮ ಬೈಯಲಿಲ್ಲ. "ನಾನು ಇಲ್ಲ ಅಂದ್ರೆ ಇದೆ ಅಂತ ಹಾಕಿದ್ಯಲ್ಲಪ್ಪ" ಅಂದ್ರು ಅಷ್ಟೇ. ಬೈದಿದ್ರೆ ವಾಸಿ ಇತ್ತು.

ಈ ಸಲ ಮೈಕನ್ನ ನಾನು ಮುಟ್ಟಲಿಲ್ಲ. ಹೆಂಗಸರ ಬಟ್ಟೆಗೆ ಗಂಡಸರು ಕೈ ಹಾಕಿ ಸಿಕ್ಕಿಸೋದು ಸರಿಯಲ್ಲ, ಅದಕ್ಕಿಂತ ಅವರೇ ಸಿಕ್ಕಿಸಿದ್ರೆ ಕೆಲಸಾನೂ ಚೆನ್ನಾಗಿ ಆಗುತ್ತೆ. ಅವರ ಸೊಸೆಗೆ ಮೈಕ್ ಕೊಟ್ಟು ಎಲ್ಲಿ ಬರಬೇಕು ಅಂತ ನನ್ನ ಶರ್ಟ್ ಮೇಲೆ ತೋರಿಸಿದೆ.

ಸೀರೆಯಲ್ಲಿ ಸೆರಗು ಬಲಗಡೆ ಸೊಂಟದಿಂದ ಓರೆಯಾಗಿ ಎದೆ ಮೇಲೆ ಬಂದು ಎಡ ಭುಜದ ಹಿಂದಕ್ಕೆ ಹೋಗುತ್ತೆ. ರವಿಕೆ ಮೈಗೆ ಅಂಟಿಕೊಂಡು ಸುಮ್ಮನಿರುತ್ತೆ, ಸೆರಗು ಅದರ ಮೇಲೆ ಜಾರ್ತಾನೇ ಇರುತ್ತೆ. ಸೆರಗಿಗೆ ಮಾತ್ರ ಮೈಕ್ ಹಾಕಿದ್ರೆ ಜಾರೋ ವಸ್ತುಗೆ ಹಾಕಿದ ಹಾಗೆ. ಸೊಸೆ ಮೊದಲು ಸೆರಗನ್ನ ಭುಜದ ಹತ್ರ ರವಿಕೆಗೆ ಒಂದು ಪಿನ್ ಹಾಕಿದ್ರು. ಆಮೇಲೆ ಎದೆಯ ನಡುವೆ, ಸೆರಗಿನ ಮೇಲಂಚು ರವಿಕೆ ಕೊರಳಂಚಿಗೆ ಕೂಡೋ ಜಾಗದಿಂದ ಎರಡು ಇಂಚು ಆಚೆ ಇನ್ನೊಂದು ಪಿನ್. ಆ ಕೂಡೋ ಜಾಗದಲ್ಲೇ ಸೆರಗು, ರವಿಕೆ ಎರಡನ್ನೂ ಸೇರಿಸಿ ಕಚ್ಚೋ ಹಾಗೆ ಮೈಕ್ ಕ್ಲಿಪ್ ಹಾಕಿದ್ರು. ಈಗ ಎರಡು ಬಟ್ಟೆ ಒಂದಾಯ್ತು, ಮೈಕ್ ಅದರ ಜೊತೆಗೇ ಹೋಗುತ್ತೆ.

ಕರಿಮಣಿ ಸರ ಮೈಕ್ ಮೇಲೇ ನೇತಾಡ್ತಿತ್ತು. ಅಮ್ಮನೇ ಅದನ್ನ ರವಿಕೆ ಒಳಕ್ಕೆ ಹಾಕ್ಕೊಂಡ್ರು. ಇಲ್ಲಾಂದ್ರೆ ಒಂದೊಂದು ಉಸಿರಿಗೂ ಟಿಕ್ ಟಿಕ್ ಅಂತ ತಾಗ್ತಿತ್ತು. ನಾನು ಜಾಗ ಬದಲಾಯಿಸಿ ಎದುರಿಗೇ ಕೂತೆ, ಮೊಬೈಲ್ ನನ್ನ ಮುಖದ ಪಕ್ಕದಲ್ಲೇ. ತಿರುಗೋ ಕೆಲಸವೇ ತಪ್ಪಿತು.

ಉಳಿದಿದ್ದು ಕೈ. ಮೊದಲ ದಿನದ ವಿಡಿಯೋ ಮತ್ತೆ ನೋಡಿದಾಗ ಗೊತ್ತಾಗಿತ್ತು, 'ಕೊಟ್ಟಿಲ್ಲ' ಅನ್ನೋ ಹೊತ್ತಿಗೆ ಅಮ್ಮ ಸೆರಗು ಎಳೆದು ಕಣ್ಣು ಒರೆಸಿಕೊಂಡಿದ್ರು. ಆ ಎಳೆತದ ಸದ್ದೇ ಮಾತನ್ನ ನುಂಗಿದ್ದು. ಕಣ್ಣು ಒರೆಸಬೇಡಿ ಅನ್ನೋಕಾಗುತ್ತಾ? ಒಂದು ಕರ್ಚೀಫ್ ಕೈಗೆ ಕೊಟ್ಟೆ, "ಅಮ್ಮಾ, ಸೆರಗು ಬಿಟ್ಟು ಇದನ್ನ ಹಿಡ್ಕೊಳ್ಳಿ" ಅಂತ. ಅಷ್ಟೇ ಸಾಕಾಯ್ತು.

ಗಂಡಸರ ಬಟ್ಟೆಯಲ್ಲಿ

ಶರ್ಟ್ ಸುಲಭ. ಗುಂಡಿ ಪಟ್ಟಿಯಲ್ಲಿ ಬಟ್ಟೆ ದಪ್ಪ ಇರುತ್ತೆ, ನಡುವೆಯೂ ಇರುತ್ತೆ, ಅದಕ್ಕೇ ಕ್ಲಿಪ್ ಹಾಕಿ. ಜೇಬಿಗೆ ಹಾಕಬೇಡಿ. ಜೇಬು ಎಡಗಡೆ ಇರುತ್ತೆ, ಒಳಗೆ ಪೆನ್ನು, ಚೀಟಿ, ಮೊಬೈಲ್ ಎಲ್ಲ ಸದ್ದು ಮಾಡುತ್ತೆ. ಹೆಗಲ ಮೇಲಿನ ಟವೆಲ್ಲು, ಸನ್ಮಾನದ ಶಾಲು, ಹಾರ ಎದೆ ಮೇಲೆ ಬಿದ್ದಿದ್ರೆ ತೆಗೆಸಿ, ಇಲ್ಲ ಅಂದ್ರೆ ಹಿಂದಕ್ಕೆ ಸರಿಸಿ. ಫೋಟೋಗೆ ಶಾಲು ಬೇಕೇಬೇಕು ಅಂದ್ರೆ ಮೊದಲು ಮಾತು, ಆಮೇಲೆ ಶಾಲು ಹೊದಿಸಿ ಫೋಟೋ.

ಗುಂಡು ಕತ್ತಿನ ಟೀ ಶರ್ಟ್‌ನಲ್ಲಿ ಕ್ಲಿಪ್ ಹಾಕೋಕೆ ಇರೋದು ಕತ್ತಿನ ಅಂಚು ಮಾತ್ರ, ಅಂದ್ರೆ ಮತ್ತೆ ಗದ್ದದ ಮರೆ. ಚಿಕ್ಕ ಡಬ್ಬಿ ಥರದ ವೈರ್‌ಲೆಸ್ ಮೈಕ್‌ಗಳ ಜೊತೆ ಆಯಸ್ಕಾಂತ ಬರುತ್ತೆ, ಅದನ್ನ ಬಟ್ಟೆ ಒಳಗಿಟ್ಟು ಮೈಕನ್ನ ಹೊರಗಿಂದ ಎದೆ ನಡುವೆ ಹಿಡಿಸಬಹುದು. ಆದ್ರೆ ಒಂದು ಮಾತು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರ ಎದೆಗೆ ಆಯಸ್ಕಾಂತ ಇಡಲೇಬಾರದು. ಅದು ಪೇಸ್‌ಮೇಕರ್‌ನಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇರಬೇಕು. ವಯಸ್ಸಾದವರಾದ್ರೆ ಮೊದಲೇ ಕೇಳಿ, ಇದೆ ಅಂದ್ರೆ ಕ್ಲಿಪ್ಪೇ ಗತಿ.

ಈ ಡಬ್ಬಿ ಮೈಕ್‌ಗೆ ತೂಕ ಇದೆ. ತೆಳ್ಳಗಿನ ಬಟ್ಟೆಗೆ ಹಾಕಿದ್ರೆ ಮುಂದಕ್ಕೆ ಜೋತು ಬಿದ್ದು ನಡೆದಾಗೆಲ್ಲ ಎದೆಗೆ ಬಡಿಯುತ್ತೆ. ದಪ್ಪ ಪಟ್ಟಿ ಇರೋ ಕಡೆ ಹಾಕಿ. ಮೈಕ್‌ನ ಸಣ್ಣ ತೂತು ಯಾವ ಕಡೆ ಇದೆ ನೋಡ್ಕೊಳ್ಳಿ, ಬಟ್ಟೆ ಮಡಿಕೆ ಅದನ್ನ ಮುಚ್ಚಬಾರದು. ಕೆಲವದರಲ್ಲಿ ಸುತ್ತಲಿನ ಗದ್ದಲ ಕಮ್ಮಿ ಮಾಡೋ ಬಟನ್ ಇರುತ್ತೆ. ಅದನ್ನ ಜೋರಾಗಿ ಇಟ್ರೆ ವಾಕ್ಯದ ಕೊನೆಯ ಮೆತ್ತಗಿನ ಅಕ್ಷರಗಳನ್ನೂ ಗದ್ದಲ ಅಂತ ತಿಳಿದು ತಗ್ಗಿಸೋದುಂಟು. ಮತ್ತೆ ಹೋಗೋದು ಅದೇ 'ಇಲ್ಲ'.

ಗಾಳಿ ಇದ್ರೆ, ಟೇಬಲ್ ಫ್ಯಾನ್ ಎದುರಿದ್ರೆ ಮೈಕ್‌ಗೆ ಸ್ಪಂಜು ಅಥವಾ ತುಪ್ಪಳದ ಟೋಪಿ ಹಾಕಿ. ಬಯಲಲ್ಲಿ ಸ್ಪಂಜು ಸಾಲಲ್ಲ, ತುಪ್ಪಳದ್ದೇ ಬೇಕು. ಆದ್ರೆ ಟೋಪಿ ಗಾಳಿಗೆ ಮಾತ್ರ. ಬಟ್ಟೆ ಉಜ್ಜೋ ಸದ್ದನ್ನ ಅದು ತಡೆಯುತ್ತೆ ಅಂದ್ಕೋಬೇಡಿ.

'ಹಲೋ ಹಲೋ' ಟೆಸ್ಟ್ ಅಲ್ಲ

ಎಲ್ಲರೂ 'ಹಲೋ ಮೈಕ್ ಟೆಸ್ಟಿಂಗ್' ಅಂತ ನೆಟ್ಟಗೆ ಕೂತು ಜೋರಾಗಿ ಹೇಳಿ ಸರಿ ಇದೆ ಅಂತಾರೆ. ಮಾತಾಡುವಾಗ ಯಾರೂ ಹಾಗೆ ಕೂರಲ್ಲ. ನಾನೀಗ ಹೆಡ್‌ಫೋನ್ ಹಾಕ್ಕೊಂಡು ಒಂದು ನಿಮಿಷ ಬೇರೆ ಕೆಲಸ ಮಾಡಿಸ್ತೀನಿ. ಬೆಳಿಗ್ಗೆ ತಿಂಡಿ ಏನು ಮಾಡಿದ್ರಿ ಅಂತ ಕೇಳ್ತೀನಿ. ಹೇಳ್ತಾ ಇರುವಾಗ ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ ನೋಡೋಕೆ ಹೇಳ್ತೀನಿ. ಕೈ ಎತ್ತಿ ಏನಾದ್ರೂ ತೋರಿಸೋಕೆ, ತಲೆ ಬಗ್ಗಿಸಿ ಕೈಯಲ್ಲಿರೋ ಕಾಗದ ಓದೋಕೆ ಹೇಳ್ತೀನಿ. ತಿರುಗಿದಾಗ ದನಿ ಮುಚ್ಚಿಕೊಂಡ್ರೆ ಜಾಗ ಬದಲಾಯಿಸಬೇಕು, ಕೈ ಎತ್ತಿದಾಗ ಕರ್ರ್ ಅಂದ್ರೆ ಬಟ್ಟೆ ಹಿಡಿಸಬೇಕು. ಆಮೇಲೆ ಆ ಒಂದು ನಿಮಿಷವನ್ನ ವಾಪಸ್ ಹಾಕಿ, ಪ್ರತಿ ವಾಕ್ಯದ ಕೊನೆ ಪದ ಕೇಳಿಸ್ತಾ ಅಂತ ಮಾತ್ರ ನೋಡ್ತೀನಿ.

ಮಾತಿನ ಮಧ್ಯೆ ಸದ್ದು ಬಂದ್ರೆ ಮುಜುಗರ ಪಡದೆ ನಿಲ್ಲಿಸಿ, "ಆ ಕೊನೆ ಮಾತು ಇನ್ನೊಂದ್ಸಲ ಹೇಳ್ತೀರಾ?" ಅಂತ ಕೇಳ್ತೀನಿ. ನೀವು ಮೈಕ್ ಹಾಕಿಸಿಕೊಂಡು ಮಾತಾಡೋರಾದ್ರೆ ನೀವೂ ಕೇಳಬಹುದು, "ನಂದು ಸರಿಯಾಗಿ ಬಂತಾ, ಹಾಕಿ ಕೇಳಿಸಪ್ಪ" ಅಂತ. ದುಡ್ಡಿನ ವಿಷಯ, ಜಮೀನಿನ ವಿಷಯ ಆದ್ರೆ ಕೇಳಲೇಬೇಕು.

ಎರಡನೇ ಸಲ ಅಮ್ಮನ ಮಾತು ಒಂದಕ್ಷರ ಬಿಡದೆ ಬಂತು. "ಎರಡ್ನೇದು ಇವತ್ತಿಗೂ ಕೊಟ್ಟಿಲ್ಲ." ಅದನ್ನೇ ಹಾಕಿದ್ವಿ. ಆದ್ರೆ ಎರಡನೇ ಸಲ ಅದು ನೆನಪು ಮಾಡ್ಕೊಂಡು ಹೇಳಿದ ಮಾತು. ಮೊದಲ ದಿನ ಬಿದ್ದ ಗೋಡೆ ನೋಡ್ತಾ ಹೇಳಿದ್ದು ನನ್ನ ಫೋನ್‌ನಲ್ಲಿ ಇನ್ನೂ ಇದೆ, ಕರ್ರ್ ಅನ್ನೋ ಸದ್ದಿನ ಕೆಳಗೆ.